ಕೀಲು ಕೊಡುವ ಮುನ್ನ ಹಲಗೆಯ ತುಂಡು ಕೇಳೋಣ

ಹಾರ್ಡ್‌ವೇರ್ ವ್ಯಾಪಾರದಲ್ಲಿರುವ ಸದಸ್ಯ ಬಾಂಧವರು ದಿನಕ್ಕೆ ಹತ್ತು ಬಾರಿಯಾದರೂ ಕೇಳುವ ಮಾತೊಂದಿದೆ: "ಆಟೋ ಹಿಂಜ್ ಒಂದು ಡಜನ್ ಕೊಡಿ." ನಾವು ಡಬ್ಬಿಗೆ ಕೈಹಾಕಿ, ಎಣಿಸಿ, ಬಿಲ್ಲು ಹರಿದು ಕೊಡುತ್ತೇವೆ. ಯಾವ ಹಲಗೆಗೆ, ಯಾವ ಬಾಗಿಲಿಗೆ ಎಂದು ಕೇಳುವುದಿಲ್ಲ. ಹೀಗೆ ಕೇಳದೆ ಕೊಡುವುದು ವ್ಯಾಪಾರವಲ್ಲ, ಬಡಗಿಯ ಕೂಲಿಯನ್ನು ಪಣಕ್ಕಿಡುವ ಜೂಜು ಎಂಬುದು ನನ್ನ ಈಗಿನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಬರಲು ಕಾರಣವಾದ ತಪ್ಪು ನಮ್ಮ ಅಂಗಡಿಯಲ್ಲಿಯೇ ನಡೆಯಿತಾದ್ದರಿಂದ ಅದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ.

ಹಗರಿ ನದಿಯ ದಡದ ಮೋಕ ನಮ್ಮ ಬಳ್ಳಾರಿ ತಾಲ್ಲೂಕಿನ ಹೋಬಳಿ ಕೇಂದ್ರ. ಕಾಲುವೆ ನೀರಿನ ಭತ್ತ ಮನೆಗೆ ಬಂದು ಹಣ ಕೈಗೆ ಸಿಕ್ಕಿದ ಮೇಲೆ ಆ ಭಾಗದಲ್ಲಿ ಮನೆ ಕಟ್ಟುವ, ಇದ್ದ ಮನೆಗೆ ಬೀರು ಮಾಡಿಸುವ ಕೆಲಸ ಆರಂಭವಾಗುತ್ತದೆ. ಮೋಕ, ಸಿರುಗುಪ್ಪ, ಕುರುಗೋಡು ಕಡೆಯ ಬಡಗಿಗಳು ಪ್ಲೈವುಡ್ಡಿಗೂ ಹಿಂಜಿಗೂ ಬಳ್ಳಾರಿಗೆ ಬರುವುದು ವಾಡಿಕೆ. ಅಂಥ ಒಬ್ಬ ಬಡಗಿ ಮೋಕದ ಒಂದು ಮನೆಗೆ ಮೂರು ಬಾಗಿಲಿನ ಬೀರು ಒಪ್ಪಿಕೊಂಡಿದ್ದ. ಎತ್ತರ 7 ಅಡಿ. ಬಾಗಿಲೊಂದಕ್ಕೆ ನಾಲ್ಕರಂತೆ ಹನ್ನೆರಡು ಹಿಂಜ್ ಬೇಕೆಂದ. ನಮ್ಮ ಹುಡುಗ ಹನ್ನೆರಡನ್ನೂ ಒಂದೇ ಡಬ್ಬಿಯಿಂದ ತೆಗೆದುಕೊಟ್ಟ. ಬಿಲ್ಲಿನಲ್ಲಿ "ಆಟೋ ಹಿಂಜ್ 12" ಎಂದಷ್ಟೇ ಬರೆಯಲಾಗಿತ್ತು.

ಆ ಹನ್ನೆರಡರಲ್ಲಿ ಎಂಟು ಸರಿಯಾಗಿದ್ದವು. ನಾಲ್ಕು ತಪ್ಪಾಗಿದ್ದವು.

ತೋಳಿನ ಬಾಗು ಎಂದರೇನು

ಮುಂದಿನದು ತಿಳಿಯಬೇಕಾದರೆ ಕೀಲಿನ ರಚನೆಯನ್ನು ಒಮ್ಮೆ ನೋಡಬೇಕು. ಬಾಗಿಲಿನ ಹಿಂಬದಿಯಲ್ಲಿ ಕೊರೆದ 35 ಮಿ.ಮೀ. ಅಗಲದ ಗುಂಡನೆಯ ಕುಳಿಯಲ್ಲಿ ಕೂರುವ ಬಟ್ಟಲು ಒಂದು ಭಾಗ. ಬೀರುವಿನ ಪಕ್ಕದ ಹಲಗೆಯ ಒಳಮೈಗೆ ಸ್ಕ್ರೂ ಹಾಕಿ ನಿಲ್ಲಿಸುವ ಪ್ಲೇಟು ಇನ್ನೊಂದು ಭಾಗ. ಇವೆರಡನ್ನು ಕೂಡಿಸುವುದು ತೋಳು. ನಮ್ಮ ಪೇಟೆಯಲ್ಲಿ ಸೊನ್ನೆ ಕ್ರ್ಯಾಂಕ್, ಎಂಟು ಕ್ರ್ಯಾಂಕ್, ಹದಿನಾರು ಕ್ರ್ಯಾಂಕ್ ಎಂದು ಮೂರು ಹೆಸರಿನಲ್ಲಿ ಮಾರಾಟವಾಗುವ ಕೀಲುಗಳಲ್ಲಿ ಬಟ್ಟಲು ಒಂದೇ, ಪ್ಲೇಟೂ ಒಂದೇ. ಬೇರೆಯಾಗಿರುವುದು ತೋಳು ಮಾತ್ರ. ಸೊನ್ನೆಯದರಲ್ಲಿ ತೋಳು ನೇರವಾಗಿರುತ್ತದೆ. ಎಂಟರದರಲ್ಲಿ ಸಣ್ಣ ಬಾಗು, ಹದಿನಾರರದರಲ್ಲಿ ಎದ್ದು ಕಾಣುವ ದೊಡ್ಡ ಬಾಗು. ಕೆಲವು ತಯಾರಕರು 8ರ ಬದಲು 9 ಎಂದೂ 16ರ ಬದಲು 15 ಎಂದೂ ಮುದ್ರಿಸುತ್ತಾರೆ. ಕೆಲಸ ಅದೇ.

ಅನೇಕರು ಈ ಸಂಖ್ಯೆಯನ್ನು ಕೀಲಿನ ಗಾತ್ರವೆಂದೋ ದರ್ಜೆಯೆಂದೋ ಭಾವಿಸುತ್ತಾರೆ. ಹದಿನಾರರದು ಹೆಚ್ಚು ಗಟ್ಟಿ ಎಂದು ನಂಬಿ ಕೇಳಿ ಪಡೆದವರನ್ನೂ ನಾನು ಕಂಡಿದ್ದೇನೆ. ವಾಸ್ತವದಲ್ಲಿ ಆ ಸಂಖ್ಯೆ ಹೇಳುವುದು ಒಂದೇ ಸಂಗತಿ: ನೇರ ತೋಳಿನ ಕೀಲು ಬಾಗಿಲನ್ನು ಎಲ್ಲಿ ನಿಲ್ಲಿಸುತ್ತದೆಯೋ ಅಲ್ಲಿಂದ ಈ ಕೀಲು ಅದನ್ನು ಎಷ್ಟು ಮಿಲಿಮೀಟರು ಒಳಕ್ಕೆ, ಅಂದರೆ ಬೀರುವಿನ ತೆರಪಿನ ಕಡೆಗೆ, ಸರಿಸುತ್ತದೆ ಎಂಬುದು. ಹೀಗೆ ತಿಳಿದರೆ ಮಿಕ್ಕದ್ದೆಲ್ಲ ಕೂಡಿ ಕಳೆಯುವ ಲೆಕ್ಕ.

ಆ ಲೆಕ್ಕವನ್ನು ಮೋಕದ ಬೀರುವಿಗೆ ಹಾಕಿ ನೋಡೋಣ. ಬಡಗಿ ತನ್ನ ಹಲಗೆ 18 ಮಿ.ಮೀ. ಎನ್ನುತ್ತಾನೆ. ಅದು ಪ್ಲೈವುಡ್ಡಿನ ದಪ್ಪ. ಅದರ ಎರಡು ಮೈಗೂ ಲ್ಯಾಮಿನೇಟ್ ಅಂಟಿಸಿದ ಮೇಲೆ ಅದೇ ಹಲಗೆ ಹೆಚ್ಚುಕಡಿಮೆ 20 ಮಿ.ಮೀ. ಆಗುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ 20. ಬೀರುವಿನ ಕೊನೆಯ ಹಲಗೆಯ ಮೇಲೆ ಒಂದೇ ಬಾಗಿಲು ಮಲಗುತ್ತದೆ. ಅಂಚಿನಲ್ಲಿ 3 ಮಿ.ಮೀ. ಬಿಟ್ಟರೆ ಬಾಗಿಲು ಹಲಗೆಯನ್ನು 17 ಮಿ.ಮೀ. ಮುಚ್ಚಬೇಕು. ಇದೇ ಪೂರ್ಣ ಹೊದಿಕೆ, ಇದಕ್ಕೆ ನೇರ ತೋಳು. ನಡುವಿನ ಹಲಗೆಯಾದರೋ ಎರಡು ಬಾಗಿಲುಗಳ ಪಾಲಿನದು. ಅದೇ 20ರಲ್ಲಿ ಬಾಗಿಲುಗಳ ನಡುವಿನ ಸಂದಿಗೆ 3 ಕಳೆದರೆ ಉಳಿಯುವುದು 17. ಅದನ್ನು ಇಬ್ಬರು ಹಂಚಿಕೊಂಡರೆ ತಲಾ ಎಂಟೂವರೆ. ಇದು ಅರ್ಧ ಹೊದಿಕೆ. ಹದಿನೇಳಕ್ಕೂ ಎಂಟೂವರೆಗೂ ಇರುವ ಅಂತರವೇ ಎಂಟು ಕ್ರ್ಯಾಂಕಿನ ಬಾಗು. ಉಳಿದ ಅರ್ಧ ಮಿಲಿಮೀಟರನ್ನು ಕೀಲಿನ ಪಕ್ಕದ ತಿರುಪು ಸರಿದೂಗಿಸುತ್ತದೆ.

ಮೂರು ಬಾಗಿಲಿನ ಬೀರುವಿನಲ್ಲಿ ಸಾಮಾನ್ಯವಾಗಿ ಒಂದೇ ನಡುಹಲಗೆ ಇರುತ್ತದೆ. ಎಡಗಡೆ ಎರಡು ಬಾಗಿಲಿನ ಅಗಲವಾದ ಭಾಗ, ಬಲಗಡೆ ಒಂದು ಬಾಗಿಲಿನ ಭಾಗ. ಮೊದಲನೆಯ ಬಾಗಿಲು ಎಡತುದಿಯ ಹಲಗೆಗೆ ತೂಗುತ್ತದೆ. ಮೂರನೆಯದು ಬಲತುದಿಯ ಹಲಗೆಗೆ ತೂಗುತ್ತದೆ. ನಡುವಿನ ಬಾಗಿಲು ನಡುಹಲಗೆಗೆ ತೂಗುತ್ತದೆ, ಮೂರನೆಯ ಬಾಗಿಲಿನ ತೆರೆಯುವ ಅಂಚೂ ಅದೇ ಹಲಗೆಯ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಬೇಕಾದದ್ದು ಸೊನ್ನೆ ಕ್ರ್ಯಾಂಕ್ ಎಂಟು, ಎಂಟು ಕ್ರ್ಯಾಂಕ್ ನಾಲ್ಕು. ನಾವು ಕೊಟ್ಟದ್ದು ಸೊನ್ನೆಯವು ಹನ್ನೆರಡು.

ತಪ್ಪು ಹೇಗೆ ಕಾಣಿಸಿಕೊಂಡಿತು

ಬಡಗಿಯ ಅಳತೆ ಸರಿಯಾಗಿಯೇ ಇತ್ತು. ಬಾಗಿಲುಗಳನ್ನು ಅವನು ಎಂಟೂವರೆಯ ಲೆಕ್ಕದಲ್ಲಿಯೇ ಕುಯ್ದಿದ್ದ. ಆದರೆ ನೇರ ತೋಳಿನ ಕೀಲು ನಡುವಿನ ಬಾಗಿಲನ್ನು ಎಂಟೂವರೆಗೆ ನಿಲ್ಲಿಸದೆ ಹದಿನೇಳರವರೆಗೆ ಬಲಕ್ಕೆ ಒಯ್ದಿತು. ಪರಿಣಾಮವಾಗಿ ಒಂದನೆಯ ಮತ್ತು ಎರಡನೆಯ ಬಾಗಿಲುಗಳ ನಡುವೆ 3 ಮಿ.ಮೀ. ಇರಬೇಕಾದ ಸಂದಿ ಸುಮಾರು 12 ಮಿ.ಮೀ. ಆಯಿತು. ಆ ಕಡೆ ಎರಡನೆಯ ಬಾಗಿಲು ಮೂರನೆಯದರ ಜಾಗಕ್ಕೆ ಐದಾರು ಮಿ.ಮೀ. ನುಗ್ಗಿತು. ಒಂದು ಮುಚ್ಚಿದರೆ ಇನ್ನೊಂದು ಮುಚ್ಚದು. ಪಕ್ಕದ ತಿರುಪನ್ನು ಎಷ್ಟು ತಿರುಗಿಸಿದರೂ ಬಾಗಿಲು ಸರಿಯುವುದು ಎರಡು ಮಿ.ಮೀ. ಆಸುಪಾಸು ಮಾತ್ರ. ಒಂದು ಕಡೆ ಹಿಗ್ಗಿದ ಸಂದಿ, ಇನ್ನೊಂದು ಕಡೆ ಡಿಕ್ಕಿ: ಈ ಎರಡೂ ಒಟ್ಟಿಗೆ ಕಂಡಲ್ಲಿ ಬಾಗಿಲನ್ನು ದೂರಬೇಕಾಗಿಲ್ಲ, ತೋಳೇ ತಪ್ಪಾಗಿದೆ ಎಂದು ತಿಳಿಯಬೇಕು.

ಆ ಬಡಗಿಗೆ ಇದು ತಿಳಿದಿರಲಿಲ್ಲ. ಆಟೋ ಹಿಂಜ್ ಎಂದರೆ ಒಂದೇ ಬಗೆ ಎಂದು ಅವನು ನಂಬಿದ್ದ. ನಂಬಲು ನಮ್ಮ ಬಿಲ್ಲೇ ಕಾರಣ. ತನ್ನ ಟೇಪು ತಪ್ಪಿತೆಂದು ತಿಳಿದು ಮೂರನೆಯ ಬಾಗಿಲಿನ ಅಂಚನ್ನು ಉಜ್ಜುಗೊರಡಿನಿಂದ ಸುಮಾರು 9 ಮಿ.ಮೀ. ತೆಗೆದ. ಲ್ಯಾಮಿನೇಟಿನ ಅಂಚು ಅಲ್ಲಲ್ಲಿ ಎದ್ದುಬಂತು. ಎಡಗಡೆ ಹಿಗ್ಗಿದ ಸಂದಿಗೆ ಒಂದು ಮರದ ಪಟ್ಟಿ ಹೊಡೆದ. ಮನೆಯ ಯಜಮಾನರು ಪಟ್ಟಿ ನೋಡಿ ಕೊನೆಯ ಕಂತು ತಡೆಹಿಡಿದರು. ಅವರನ್ನು ದೂರುವಂತಿಲ್ಲ. ಹೊಸ ಬೀರುವಿಗೆ ತೇಪೆ ಯಾರಿಗೆ ತಾನೇ ಒಪ್ಪಿಗೆಯಾದೀತು?

ಕೆಲವು ವಾರಗಳ ತರುವಾಯ ಬೇರೆ ಸಾಮಾನಿಗೆ ಬಂದಾಗ ಮಾತಿನ ಮಧ್ಯೆ ಅವನು ಇದನ್ನು ಹೇಳಿದ. ನಾನು ಎಂಟು ಕ್ರ್ಯಾಂಕಿನ ಕೀಲೊಂದನ್ನು ಅವನ ಕೈಗಿಟ್ಟೆ. ತಿರುಗಿಸಿ ನೋಡಿ, "ಇದೂ ಐತೇನ್ರೀ ಸಾವ್ಕಾರ್ರೆ? ಅವತ್ತೇ ಹೇಳಬಾರದಾ?" ಎಂದ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಪರಿಹಾರದ ಸುಲಭತೆ. ಪೂರ್ಣ ಹೊದಿಕೆಗೂ ಅರ್ಧ ಹೊದಿಕೆಗೂ ಬಾಗಿಲಿನ ಕುಳಿಯ ಜಾಗ ಒಂದೇ. ಹಲಗೆಯ ಮುಂಗಡೆಯ ಅಂಚಿನಿಂದ 37 ಮಿ.ಮೀ. ಹಿಂದೆ ಬರುವ ಪ್ಲೇಟಿನ ಸಾಲೂ ಒಂದೇ. ಮೊದಲ ದಿನವೇ ಬಂದಿದ್ದರೆ ನಾಲ್ಕು ಕೀಲು ಬದಲಿಸಿ ಅರ್ಧ ಗಂಟೆಯಲ್ಲಿ ಮನೆ ಸೇರಬಹುದಾಗಿತ್ತು. ಅಂಚು ಉಜ್ಜಿದ ಮೇಲೆ ಕೀಲು ಬದಲಿಸಿದರೂ ಮೂರನೆಯ ಬಾಗಿಲು 9 ಮಿ.ಮೀ. ಗಿಡ್ಡವಾಗಿಯೇ ಉಳಿಯಿತು, ಹೊಸದಾಗಿ ಮಾಡಬೇಕಾಯಿತು. ಕೀಲು ನಾವು ಕೊಟ್ಟೆವು. ಹಲಗೆ, ಲ್ಯಾಮಿನೇಟ್ ಮತ್ತು ಎರಡು ದಿನದ ಕೂಲಿ ಅವನ ಕೈಯಿಂದ ಹೋಯಿತು.

ಇನ್ನು ಕೆಲವರು ಹಲಗೆ ಹಾಳುಮಾಡದೆ ಪ್ಲೇಟಿನ ಕೆಳಗೆ 9 ಮಿ.ಮೀ. ಪ್ಲೈ ತುಂಡು ಇಟ್ಟು ಬಾಗಿಲನ್ನು ಹಿಂದಕ್ಕೆ ತರುತ್ತಾರೆ. ಲೆಕ್ಕದ ಪ್ರಕಾರ ಇದು ಸರಿ: ಪ್ಲೇಟು ಎಷ್ಟು ಎತ್ತರವಾಗುತ್ತದೆಯೋ ಹೊದಿಕೆ ಅಷ್ಟೇ ಕಡಿಮೆಯಾಗುತ್ತದೆ. ಆದರೆ ಕೀಲಿನೊಡನೆ ಬರುವ 16 ಮಿ.ಮೀ. ಸ್ಕ್ರೂ ಪ್ಲೇಟನ್ನೂ ತುಂಡನ್ನೂ ದಾಟಿ ಹಲಗೆಯೊಳಕ್ಕೆ ಹೋಗುವುದು ಐದು ಮಿ.ಮೀ. ಮಾತ್ರ. ಏಳು ಅಡಿ ಎತ್ತರದ, ಒಂದೂವರೆ ಅಡಿಗೂ ಮಿಕ್ಕ ಅಗಲದ ಬಾಗಿಲಿನ ತೂಕ 14-15 ಕಿಲೋ ಆಗುತ್ತದೆ. ಮೇಲಿನ ಕೀಲು ಮೊದಲು ಸಡಿಲವಾಗುತ್ತದೆ, ಅನಂತರ ಬಾಗಿಲು ಜೋತುಬೀಳುತ್ತದೆ.

ನಡುಹಲಗೆ ಎಂದರೆ ಎಂಟು ಎಂಬ ಕಂಠಪಾಠ

ಈ ಪ್ರಸಂಗದ ನಂತರ ನಮ್ಮ ಹುಡುಗರಿಗೆ "ನಡುವಿನದಕ್ಕೆ ಎಂಟು" ಎಂದು ಹೇಳಿಕೊಟ್ಟೆ. ಅದೂ ತಪ್ಪೆಂದು ಅಡುಗೆಮನೆಯ ಕೆಲಸಗಳು ಕಲಿಸಿದವು. ಬಳ್ಳಾರಿ ಸೀಮೆಯ ಮನೆಗಳಲ್ಲಿ ಅಡುಗೆಕಟ್ಟೆಯ ಕೆಳಗೆ ಕಡಪಾ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಗೂಡು ಮಾಡುವುದು ರೂಢಿ. ನೀರಿಗೆ ಕೊಳೆಯದು, ಗೆದ್ದಲು ಹಿಡಿಯದು. ಕಲ್ಲಿಗೆ ನೇರವಾಗಿ ಸ್ಕ್ರೂ ಹಿಡಿಯದಾದ್ದರಿಂದ ಅದರ ಎರಡೂ ಮೈಗೆ 18 ಮಿ.ಮೀ. ಪ್ಲೈವುಡ್ ಪಟ್ಟಿ ಕೂರಿಸಿ ಪ್ಲೇಟುಗಳನ್ನು ಆ ಪಟ್ಟಿಗೆ ಬಿಗಿಯುತ್ತಾರೆ. ಚಪ್ಪಡಿ 25 ಮಿ.ಮೀ. ಇದ್ದರೆ ಎರಡು ಪಟ್ಟಿ ಸೇರಿ ಒಟ್ಟು ದಪ್ಪ 61 ಮಿ.ಮೀ.

ಇಲ್ಲಿಯೂ ಇದು ನಡುಗೋಡೆಯೇ, ಇಲ್ಲಿಯೂ ಎರಡು ಬಾಗಿಲುಗಳು ಹಂಚಿಕೊಳ್ಳುತ್ತವೆ. ಕಂಠಪಾಠದಂತೆ ಎಂಟು ಕ್ರ್ಯಾಂಕ್ ಹಾಕಿದರೆ ಎರಡೂ ಬಾಗಿಲು ಸೇರಿ ಮುಚ್ಚುವುದು 17 ಮಿ.ಮೀ. ಮಾತ್ರ. ನಡುವೆ 44 ಮಿ.ಮೀ., ಅಂದರೆ ಪಟ್ಟಿಗಳ ಕುಯ್ದ ಅಂಚು ಮತ್ತು ಕಲ್ಲಿನ ಅಂಚು, ಬೋಳಾಗಿ ಕಾಣುತ್ತದೆ. ನೇರ ತೋಳು ಹಾಕಿದರೆ 34 ಮಿ.ಮೀ. ಮುಚ್ಚಿ, ಉಳಿದ 27ಕ್ಕೆ ಬಾಗಿಲಿನದೇ ಬಣ್ಣದ ಒಂದು ಲ್ಯಾಮಿನೇಟ್ ಪಟ್ಟಿ ಅಂಟಿಸಿದರೆ ಕೆಲಸ ಅಚ್ಚುಕಟ್ಟಾಗುತ್ತದೆ. ಇದೇ ಕಾರಣಕ್ಕೆ ಪೆಟ್ಟಿಗೆಗಳನ್ನು ಒಂದರ ಪಕ್ಕ ಒಂದು ಜೋಡಿಸುವ ಮಾಡ್ಯುಲರ್ ಅಡುಗೆಮನೆಗಳಲ್ಲಿ ಎಲ್ಲ ಬಾಗಿಲಿಗೂ ಸೊನ್ನೆಯೇ ಬರುತ್ತದೆ. ಅಲ್ಲಿ ಪ್ರತಿ ಬಾಗಿಲಿಗೂ ತನ್ನದೇ 20 ಮಿ.ಮೀ. ಹಲಗೆ ಇರುತ್ತದೆ, ನಡುವೆ ಒಟ್ಟು 40 ಮಿ.ಮೀ. ಸಿಗುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಹಲಗೆ ನಡುವಿನದೋ ತುದಿಯದೋ ಎಂಬುದಲ್ಲ. ಒಂದು ಬಾಗಿಲಿನ ಪಾಲಿಗೆ ಎಷ್ಟು ಮಿಲಿಮೀಟರು ದಪ್ಪ ಬರುತ್ತದೆ ಎಂಬುದು. ಹದಿನೇಳರ ಸುತ್ತಮುತ್ತ ಅಥವಾ ಅದಕ್ಕೂ ಹೆಚ್ಚು ಬಂದರೆ ನೇರ ತೋಳು, ಎಂಟೊಂಬತ್ತು ಬಂದರೆ ಸಣ್ಣ ಬಾಗು. ಹನ್ನೆರಡು ಹದಿಮೂರರಂಥ ನಡುವಿನ ಅಂಕಿ ಬಂದಲ್ಲಿ ನೇರ ತೋಳನ್ನೇ ತೆಗೆದುಕೊಂಡು ಎತ್ತರದ ಪ್ಲೇಟು ಬಳಸುವುದು, ಇಲ್ಲವೇ ಬಟ್ಟಲಿನ ಕುಳಿಯನ್ನು ಬಾಗಿಲಿನ ಅಂಚಿಗೆ ಒಂದೆರಡು ಮಿ.ಮೀ. ಹತ್ತಿರ ಕೊರೆಯುವುದು ಕ್ರಮ. ಕುಳಿ ಅಂಚಿಗೆ ಎಷ್ಟು ಹತ್ತಿರವಾದರೆ ಹೊದಿಕೆ ಅಷ್ಟು ಕಡಿಮೆ. ಆದರೆ ಕುಳಿಗೂ ಅಂಚಿಗೂ ನಡುವೆ 3 ಮಿ.ಮೀ.ಗಿಂತ ಕಡಿಮೆ ಉಳಿಸಿದರೆ ಪ್ಲೈ ಅಂಚು ಸಿಡಿಯುತ್ತದೆ.

ಚೌಕಟ್ಟಿನೊಳಗಿನ ಬಾಗಿಲು

ಮೂರನೆಯ ಬಗೆ, ಬಾಗಿಲು ಹಲಗೆಯ ಮೇಲೆ ಮಲಗದೆ ಒಳಗೆ ಕೂರುವುದು. ನಮ್ಮ ಕಡೆಯ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ತೇಗದ ಚೌಕಟ್ಟಿನ ಗೋಡೆ ಅಲಮಾರುಗಳು ಇಂದಿಗೂ ಇವೆ. ಹಳೆಯ ಬಾಗಿಲು ಹಾಳಾದಾಗ ಚೌಕಟ್ಟು ಉಳಿಸಿಕೊಂಡು ಪ್ಲೈವುಡ್ ಬಾಗಿಲು ಹಾಕಿಸುತ್ತಾರೆ. ಇಲ್ಲಿ ಹೊದಿಕೆ ಸೊನ್ನೆಗೂ ಕೆಳಗೆ: ಬಾಗಿಲಿನ ಅಂಚು ಚೌಕಟ್ಟಿನಿಂದ ಎರಡು ಮಿ.ಮೀ. ಒಳಗಿರಬೇಕು. ಆದ್ದರಿಂದಲೇ ದೊಡ್ಡ ಬಾಗಿನ ಹದಿನಾರು ಕ್ರ್ಯಾಂಕ್.

ಇಲ್ಲಿ ಕೀಲು ಸರಿಯಿದ್ದೂ ಕೆಲಸ ಕೆಡುವುದು ಪ್ಲೇಟಿನ ಜಾಗದಿಂದ. ಬಾಗಿಲು ತನ್ನ ದಪ್ಪದಷ್ಟು ಒಳಕ್ಕೆ ಹೋಗುವುದರಿಂದ ಪ್ಲೇಟಿನ ಸಾಲೂ ಅಷ್ಟೇ ಹಿಂದೆ ಹೋಗಬೇಕು. ಹೊದಿಕೆಯ ಬಾಗಿಲಿಗೆ 37 ಮಿ.ಮೀ. ಇದ್ದದ್ದು 20 ಮಿ.ಮೀ. ದಪ್ಪದ ಒಳಬಾಗಿಲಿಗೆ 57 ಆಗುತ್ತದೆ. ರೂಢಿಯಂತೆ 37ಕ್ಕೇ ಬಿಗಿದರೆ ಬಾಗಿಲು ಚೌಕಟ್ಟಿನಿಂದ ತನ್ನ ದಪ್ಪದಷ್ಟು ಹೊರಗೆ ನಿಲ್ಲುತ್ತದೆ. ಹಿಂದಕ್ಕೆ ಸರಿಸಬೇಕೆಂದರೆ ಚೌಕಟ್ಟಿಗೆ ಆಳವೂ ಇರಬೇಕು. ಮೂರು ಅಂಗುಲಕ್ಕಿಂತ ಕಡಿಮೆ ಆಳದ ಚೌಕಟ್ಟಿಗೆ ಈ ಕೀಲನ್ನು ಮಾರಬಾರದೆಂದೇ ನನ್ನ ಮತ. ಅಂಥವರಿಗೆ ಹಿತ್ತಾಳೆಯ ಹಳೆಯ ಮಾದರಿಯ ಕೀಲೇ ಒಳ್ಳೆಯದು, ನಮಗೆ ಲಾಭ ಕಡಿಮೆಯಾದರೂ ಸರಿ. ಹಾಗೆಯೇ ಹಳೆಯ ಚೌಕಟ್ಟು ಮೂಲೆಗೆ ಸರಿಯಾಗಿ ನಿಂತಿದೆಯೇ ಎಂದು ಕರ್ಣಗಳೆರಡನ್ನೂ ಅಳೆದು ನೋಡಬೇಕು. ಹೊದಿಕೆಯ ಬಾಗಿಲು ಚೌಕಟ್ಟಿನ ವಕ್ರವನ್ನು ಮುಚ್ಚಿಕೊಳ್ಳುತ್ತದೆ, ಒಳಬಾಗಿಲು ಸುತ್ತಲಿನ ಎರಡು ಮಿ.ಮೀ. ಸಂದಿಯಲ್ಲಿ ಅದನ್ನು ಎಲ್ಲರಿಗೂ ತೋರಿಸುತ್ತದೆ.

ನಾವು ಮಾಡಬಹುದಾದದ್ದು

ಗಿರಾಕಿ ಕೇಳಿದ್ದನ್ನು ಕೊಡುವುದಷ್ಟೇ ವ್ಯಾಪಾರಿಯ ಕೆಲಸ, ಅಳತೆ ಬಡಗಿಯ ಹೊಣೆ ಎಂದು ಕೆಲವು ಮಿತ್ರರು ವಾದಿಸುತ್ತಾರೆ. ಗಿರಾಕಿ ಹೆಸರು ಹಿಡಿದು ಕೇಳಿದಾಗ ಈ ವಾದ ಸರಿ. ಆದರೆ "ಆಟೋ ಹಿಂಜ್" ಎಂದಷ್ಟೇ ಕೇಳಿದವನು ಆಯ್ಕೆಯನ್ನು ನಮಗೇ ಬಿಟ್ಟಿದ್ದಾನೆ. ಆಗ ಯಾವ ಡಬ್ಬಿಗೆ ಕೈಹಾಕುತ್ತೇವೆ ಎಂಬುದು ನಮ್ಮ ತೀರ್ಮಾನ, ಅದರ ಹೊಣೆಯೂ ನಮ್ಮದು.

ಮೂರು ಬಗೆಯನ್ನೂ ಇಟ್ಟರೆ ಬಂಡವಾಳ ಕಟ್ಟಿಬೀಳುತ್ತದೆ ಎಂಬ ಮಾತು ಹೆಚ್ಚು ತೂಕದ್ದು. ಸಣ್ಣ ಅಂಗಡಿಗಳು ಸೊನ್ನೆಯದನ್ನು ಮಾತ್ರ ತರಿಸುವುದು ಇದೇ ಕಾರಣಕ್ಕೆ. ನನ್ನ ಸಲಹೆ, ನಾಲ್ಕೈದು ತಯಾರಕರ ಸೊನ್ನೆ ಕ್ರ್ಯಾಂಕ್ ಪೇರಿಸುವ ಬದಲು ಒಬ್ಬಿಬ್ಬರದನ್ನೇ ಆರಿಸಿ ಅವರ ಮೂರೂ ಬಗೆಯನ್ನು ಇಡುವುದು. ಒಬ್ಬ ತಯಾರಕನ ತೋಳು ಇನ್ನೊಬ್ಬನ ಪ್ಲೇಟಿಗೆ ಕೂರುತ್ತದೆಂಬ ಭರವಸೆ ಇಲ್ಲದ್ದರಿಂದ, ಬದಲಿಸಿ ಕೊಡಬೇಕಾದಾಗಲೂ ಇದೇ ಅನುಕೂಲ.

ನಮ್ಮ ಅಂಗಡಿಯಲ್ಲಿ ಈಗ ಎರಡು ಪದ್ಧತಿ ನಡೆದಿದೆ. ಮೊದಲನೆಯದು, ಹಿಂಜ್ ಕೇಳಲು ಬರುವ ಬಡಗಿಗೆ ಲ್ಯಾಮಿನೇಟ್ ಅಂಟಿಸಿದ ಹಲಗೆಯ ನಾಲ್ಕು ಅಂಗುಲದ ತುಂಡೊಂದನ್ನು ತರಲು ಹೇಳುತ್ತೇವೆ. ಬಾಯಿಮಾತಿನ 18, 19 ನಂಬುವುದಿಲ್ಲ, ತುಂಡನ್ನು ಅಳೆಯುತ್ತೇವೆ. ಆ ಬಳಿಕ ಬಾಗಿಲು ಮೇಲೆ ಮಲಗುವುದೋ ಒಳಗೆ ಕೂರುವುದೋ, ಆ ದಪ್ಪವನ್ನು ಇನ್ನೊಂದು ಬಾಗಿಲು ಹಂಚಿಕೊಳ್ಳುವುದೋ ಎಂದು ಕೇಳುತ್ತೇವೆ. ಎರಡನೆಯದು, ಬಿಲ್ಲಿನಲ್ಲಿ "ಸೊನ್ನೆ 8, ಎಂಟು 4" ಎಂದು ಬಿಡಿಸಿ ಬರೆಯುತ್ತೇವೆ. ಸ್ಕ್ರೂ ಗುರುತು ಬೀಳದ ಕೀಲನ್ನು ಆ ಬಿಲ್ಲಿನ ಮೇಲೆ ಬದಲಿಸಿ ಕೊಡುತ್ತೇವೆ.

ಇದಕ್ಕೆ ಹಿಡಿಯುವ ಕಾಲ ಎರಡು ನಿಮಿಷ. ಗಲ್ಲೆಯ ಮುಂದೆ ಜನ ನಿಂತಾಗ ಆ ಎರಡು ನಿಮಿಷವೂ ದೊಡ್ಡದೆನಿಸುವುದು ನಿಜ. ಮೋಕದ ಬಡಗಿಗೆ ಹೋದ ಎರಡು ದಿನದ ಕೂಲಿಯ ಎದುರು ಅದನ್ನು ಇಟ್ಟು ನೋಡುವಂತೆ ಸದಸ್ಯ ಮಿತ್ರರಲ್ಲಿ ನನ್ನ ವಿನಂತಿ. ಅವನು ಇಂದಿಗೂ ನಮ್ಮ ಅಂಗಡಿಗೇ ಬರುತ್ತಾನೆ. ಬರುವಾಗ ಜೇಬಿನಲ್ಲಿ ಹಲಗೆಯ ತುಂಡು ಇರುತ್ತದೆ.